ದಪ್ಪಕ್ಷರದಲ್ಲಿ ಇಲ್ಲದ್ದನ್ನು ಓದುವುದು

ನಮ್ಮಲ್ಲಿ ಬಿಸ್ಕತ್ತಿನ ಪೊಟ್ಟಣ ಕೊಳ್ಳುವ ಸಸ್ಯಾಹಾರಿಗೆ ಓದು ಬರಹ ಬರಲೇಬೇಕೆಂದಿಲ್ಲ. ಚೌಕದೊಳಗೆ ಹಸಿರು ಚುಕ್ಕೆ ಕಂಡರೆ ಸಾಕು, ಬುಟ್ಟಿಗೆ ಹಾಕಿಕೊಳ್ಳಬಹುದು. ಮೊಟ್ಟೆ ಸೇರಿದ ತಿನಿಸಿಗೆ ಆ ಚುಕ್ಕೆ ಹಾಕುವಂತಿಲ್ಲ. ಜರ್ಮನಿಯ ಅಂಗಡಿಯಲ್ಲಿ ಅಂಥ ಕಡ್ಡಾಯದ ಗುರುತೇ ಇಲ್ಲ. ಶಿವಮೊಗ್ಗದಿಂದ ಆಖೆನ್ ಊರಿಗೆ ಎಂ.ಎಸ್. ಓದಲು ಹೋದ ನಮ್ಮ ಅಕ್ಕನ ಮಗಳು ಇದನ್ನು ಹೋದ ವಾರವೇ ಕಂಡುಕೊಂಡಳು. ಮನೆಯಲ್ಲಿ ಮೀನು, ಮಾಂಸ ಇರಲಿ, ಮೊಟ್ಟೆಯೂ ಇಲ್ಲ. ಹಾಲು, ಮೊಸರು, ತುಪ್ಪ ಧಾರಾಳ. ಈ ಒಂದು ಸಾಲಿನ ಊಟದ ನಿಯಮವನ್ನು ಜರ್ಮನ್ ಲೇಬಲ್ಲಿನ ಮೇಲೆ ಹೇಗೆ ಹುಡುಕುವುದು ಎನ್ನುವುದೇ ಅವಳ ಮೊದಲ ಸೆಮಿಸ್ಟರಿನ ಹೆಚ್ಚುವರಿ ವಿಷಯವಾಯಿತು.

ಲೇಬಲ್ಲಿಗೂ ಒಂದು ವ್ಯಾಕರಣವಿದೆ. ಐರೋಪ್ಯ ಒಕ್ಕೂಟದ 2011ರ ನಿಯಮ 2014ರ ಡಿಸೆಂಬರ್‌ನಿಂದ ಎಲ್ಲ ಪೊಟ್ಟಣಗಳ ಮೇಲೂ ಜಾರಿಯಲ್ಲಿದೆ. ಅದರ ಪ್ರಕಾರ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಮೊದಲ ಹೆಸರು ಅತಿ ಹೆಚ್ಚು, ಕೊನೆಯದು ಚಿಟಿಕೆ. ಆಮೇಲೆ ಅಲರ್ಜಿ ಉಂಟುಮಾಡುವ 14 ಬಗೆಯ ಪದಾರ್ಥಗಳು ಆ ಪಟ್ಟಿಯಲ್ಲಿ ಎದ್ದು ಕಾಣಬೇಕು. ಹಾಗಾಗಿ ಹಾಲು, ಮೊಟ್ಟೆ, ಗೋಧಿ, ಮೀನು, ಸಾಸಿವೆ, ಎಳ್ಳು, ಸೋಯಾ ಮುಂತಾದವನ್ನು ಹೆಚ್ಚಾಗಿ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ.

ಹೊಸಬರ ಕಣ್ಣು ಸಹಜವಾಗಿ ದಪ್ಪಕ್ಷರಕ್ಕೇ ಹೋಗುತ್ತದೆ. ಅಲ್ಲಿ ಮೊಟ್ಟೆ ಇಲ್ಲ, ಮೀನಿಲ್ಲ, ಸರಿ ಎಂದು ಡಬ್ಬಿ ಎತ್ತಿಕೊಳ್ಳುತ್ತಾರೆ. ಆದರೆ ಆ ದಪ್ಪಕ್ಷರ ಇರುವುದು ಮೈಮೇಲೆ ದದ್ದು ಏಳುವವರಿಗಾಗಿ, ಉಸಿರು ಕಟ್ಟುವವರಿಗಾಗಿ. ಹಂದಿಯ ಕೊಬ್ಬು ಆ 14ರಲ್ಲಿ ಇಲ್ಲ. ದನ, ಹಂದಿಯ ಚರ್ಮ ಮೂಳೆಗಳಿಂದ ತೆಗೆದ ಜೆಲಟಿನ್ ಇಲ್ಲ. ಇವೆಲ್ಲ ಪಟ್ಟಿಯ ನಡುವೆ ಸಾದಾ ಅಕ್ಷರದಲ್ಲಿ, ಉಪ್ಪು ಸಕ್ಕರೆಗಳ ಪಕ್ಕದಲ್ಲಿ, ಯಾರ ಗಮನವನ್ನೂ ಸೆಳೆಯದೆ ಕುಳಿತಿರುತ್ತವೆ. ಸಸ್ಯಾಹಾರಿ ಓದಬೇಕಾದದ್ದು ಅವನ್ನೇ.

ಹುಡುಗಿ ಬಹಳ ಹೊತ್ತು ಕೈಯಲ್ಲಿ ಹಿಡಿದು ನಿಂತದ್ದು ಒಂದು ಪೆಸ್ಟೊ ಬಾಟಲಿಯನ್ನು. ಪೆಸ್ಟೊ ಎಂದರೆ ಇಟಲಿಯ ಚಟ್ನಿ. ತುಳಸಿಯ ಜಾತಿಯ ಬೆಸಿಲ್ ಸೊಪ್ಪು, ಎಣ್ಣೆ, ಬೀಜ, ಚೀಸ್ ಸೇರಿಸಿ ರುಬ್ಬಿದ್ದು. ಬೇಯಿಸಿದ ಪಾಸ್ತಾಕ್ಕೆ ಎರಡು ಚಮಚ ಕಲಸಿದರೆ ಊಟವಾಯಿತು. ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರ. ಇದರಲ್ಲಿ ಮಾಂಸ ಎಲ್ಲಿಂದ ಬರಬೇಕು? ಅವಳು ಹಿಂದೆ ತಿರುಗಿಸಿ ಓದಿದಳು. ಸೂರ್ಯಕಾಂತಿ ಎಣ್ಣೆ, ಬೆಸಿಲ್, ದಪ್ಪಕ್ಷರದಲ್ಲಿ ಗೋಡಂಬಿ. (ಸಂಪ್ರದಾಯದಂತೆ ಹಾಕಬೇಕಾದದ್ದು ಪೈನ್ ಬೀಜ, ಆದರೆ ಅದು ದುಬಾರಿ. ಅಗ್ಗದ ಬಾಟಲಿಗಳಲ್ಲಿ ನಮ್ಮ ಗೋಡಂಬಿಗೇ ಆ ಪಟ್ಟ.) ನಂತರ ಗ್ರಾನಾ ಪದಾನೊ ಎಂಬ ಇಟಲಿಯ ಚೀಸ್, ಅದರ ಮುಂದೆ ಆವರಣದಲ್ಲಿ ಅದರದೇ ಪಟ್ಟಿ: ಹಾಲು, ಉಪ್ಪು, ಲಾಬ್, ಸಂರಕ್ಷಕ ಲೈಸೊಜೈಮ್, ಅದರ ಪಕ್ಕದಲ್ಲಿ ‘ಐ’ ಎಂಬ ಪುಟ್ಟ ಪದ ದಪ್ಪಕ್ಷರದಲ್ಲಿ.

ಆ ‘ಐ’ ಎಂದರೆ ಮೊಟ್ಟೆ. ಚಟ್ನಿಯೊಳಗೆ ಮೊಟ್ಟೆ ಯಾಕೆ ಬಂತು? ಗ್ರಾನಾ ಪದಾನೊ ಕನಿಷ್ಠ ಒಂಬತ್ತು ತಿಂಗಳು ಮಾಗಬೇಕಾದ ಚೀಸ್. ಹುದುಗಿಸಿದ ಮೇವು ತಿಂದ ಹಸುಗಳ ಹಾಲಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಉಳಿದುಬಿಡುತ್ತವೆ. ಮಾಗುವಾಗ ಅವು ಅನಿಲ ಬಿಟ್ಟರೆ ಚೀಸಿನ ಚಕ್ರ ಉಬ್ಬಿ ಬಿರಿಯುತ್ತದೆ. ಅದನ್ನು ತಡೆಯಲು ಕೋಳಿಮೊಟ್ಟೆಯ ಬಿಳಿಭಾಗದಿಂದ ತೆಗೆದ ಲೈಸೊಜೈಮ್ ಎಂಬ ಕಿಣ್ವವನ್ನು ಚೂರು ಹಾಕುತ್ತಾರೆ. ಪ್ರಮಾಣ ತೀರಾ ಕಡಿಮೆ, ಆದರೆ ಮೊಟ್ಟೆ ಅಲರ್ಜಿಯ ಪಟ್ಟಿಯಲ್ಲಿರುವುದರಿಂದ ಹೇಳಲೇಬೇಕು. ಅಲರ್ಜಿಯವರಿಗಾಗಿ ಮಾಡಿದ ಕಾನೂನು ಇಲ್ಲಿ ನಮ್ಮ ಹುಡುಗಿಗೂ ಉಪಕಾರ ಮಾಡಿತು.

ಲಾಬ್ ವಿಷಯದಲ್ಲಿ ಆ ಉಪಕಾರವಿಲ್ಲ. ಅದು ಸಾದಾ ಅಕ್ಷರದಲ್ಲಿತ್ತು, ಅವಳಿಗೆ ಗೊತ್ತೂ ಇರಲಿಲ್ಲ. ಮನೆಯಲ್ಲಿ ಪನೀರ್ ಮಾಡುವಾಗ ನಾವು ನಿಂಬೆರಸ ಹಿಂಡಿ ಹಾಲು ಒಡೆಸುತ್ತೇವೆ. ಯುರೋಪಿನ ಗಟ್ಟಿ ಚೀಸುಗಳಿಗೆ ಹುಳಿಯಷ್ಟೇ ಸಾಲದು, ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವ ಬೇಕು. ಅದೇ ಲಾಬ್, ಇಂಗ್ಲಿಷ್ ಬಲ್ಲವರು ರೆನೆಟ್ ಎನ್ನುತ್ತಾರೆ. ಹಾಲು ಕುಡಿಯುವ ಕರುವಿನ ಹೊಟ್ಟೆಯ ನಾಲ್ಕನೆಯ ಕೋಣೆಯಿಂದ ಅದನ್ನು ತೆಗೆಯುವುದು ಹಳೆಯ ಪದ್ಧತಿ. ಕರುವನ್ನು ಕೊಂದ ಮೇಲಷ್ಟೇ ಅದು ಸಿಗುತ್ತದೆ. ಗ್ರಾನಾ ಪದಾನೊ, ಪಾರ್ಮಿಜಾನೊ ರೆಜ್ಜಾನೊದಂಥ ಹೆಸರಾಂತ ಚೀಸುಗಳಿಗೆ ಕರುವಿನ ಲಾಬೇ ಆಗಬೇಕೆಂದು ಅವುಗಳ ತಯಾರಿಕೆಯ ನಿಯಮವೇ ಹೇಳುತ್ತದೆ. ಉಳಿದ ಅನೇಕ ಚೀಸುಗಳಿಗೆ ಇಂದು ಶಿಲೀಂಧ್ರದಿಂದ ಬೆಳೆಸಿದ ಕಿಣ್ವ ಬಳಸುತ್ತಾರೆ. ಅಂಥವುಗಳ ಮೇಲೆ ‘ಮಿಕ್ರೋಬಿಯೆಲ್ಲೆಸ್ ಲಾಬ್’ ಎಂದು ಬರೆದಿದ್ದರೆ ಸಸ್ಯಾಹಾರಿ ನಿಶ್ಚಿಂತೆಯಿಂದ ಕೊಳ್ಳಬಹುದು.

ಬರೆದಿದ್ದರೆ ಎಂದೆ, ಯಾಕೆಂದರೆ ಬರೆಯಲೇಬೇಕೆಂದಿಲ್ಲ. ಹಾಲು, ಕಿಣ್ವ, ಹೆಪ್ಪಿನ ಸೂಕ್ಷ್ಮಾಣು, ಉಪ್ಪು ಇಷ್ಟರಿಂದಲೇ ಆದ ಚೀಸಿಗೆ ಸಾಮಗ್ರಿ ಪಟ್ಟಿಯೇ ಬೇಡ ಎಂದು ಅದೇ ಐರೋಪ್ಯ ನಿಯಮ ವಿನಾಯಿತಿ ಕೊಟ್ಟಿದೆ. ಲಾಬ್ ಎಂದಷ್ಟೇ ಬರೆದು ಯಾವ ಲಾಬ್ ಎಂದು ಹೇಳದಿರುವುದೂ ಉಂಟು. ಪಟ್ಟಿ ಚಿಕ್ಕದಾದಷ್ಟೂ ಒಳ್ಳೆಯದು ಎಂದು ನಂಬಿದ್ದ ಹುಡುಗಿಗೆ ಪಟ್ಟಿ ಇಲ್ಲದ ಚೀಸೇ ಹೆಚ್ಚು ಸಂಶಯದ್ದು ಎಂದು ತಿಳಿಯಿತು.

ಉಳಿದವನ್ನು ಅವಳು ಬೇಗ ಕಲಿತಳು. ಕೆಲವು ಹಣ್ಣಿನ ಮೊಸರುಗಳಲ್ಲಿ ಗಟ್ಟಿತನಕ್ಕೆ ‘ಗೆಲಟೀನೆ’ ಇರುತ್ತದೆ, ಹಾಗಾಗಿ ಅವಳು ಕೊಳ್ಳುವುದು ಸಾದಾ ಮೊಸರು. ಬಾಟಲಿಯಲ್ಲಿ ಬರುವ ಕೆಂಪು ಕೋಸಿನ ಪಲ್ಯ ನೋಡಲು ನಮ್ಮ ಪಲ್ಯವೇ, ಆದರೆ ಕೆಲವದಕ್ಕೆ ‘ಷ್ಮಾಲ್ಟ್ಸ್’, ಅಂದರೆ ಹಂದಿಯದೋ ಹೆಬ್ಬಾತಿನದೋ ಕೊಬ್ಬು ಹಾಕಿರುತ್ತಾರೆ. ಬೇಳೆಯ ಸೂಪಿನಲ್ಲಿ ‘ಷ್ಪೆಕ್’, ಅಂದರೆ ಹಂದಿಮಾಂಸದ ಚೂರು. ಗುಲಾಬಿ ಬಣ್ಣದ ಮಿಠಾಯಿಯಲ್ಲಿ ‘ಇ 120’ ಕಂಡರೆ ಅದು ಒಂದು ಕೀಟವನ್ನು ಒಣಗಿಸಿ ತೆಗೆದ ಕೆಂಪು. ಟರ್ಕಿಯವರ ಅಂಗಡಿಯಲ್ಲಿ ತೊಗರಿಯಿಲ್ಲದಿದ್ದರೂ ಕೆಂಪು ಮಸೂರ, ಕಡಲೆ, ಬೆಂಡೆ ಚೆನ್ನಾಗಿ ಸಿಗುತ್ತವೆ. ಅಲ್ಲಿನ ಮಿಠಾಯಿಯ ಮೇಲೆ ಹಲಾಲ್ ಎಂದಿದ್ದರೆ ಹಂದಿಯ ಜೆಲಟಿನ್ ಇಲ್ಲ ಎಂದರ್ಥ, ದನದ್ದು ಇರಬಹುದು.

ಅವಳನ್ನು ಹೆಚ್ಚು ಕಾಡಿದ್ದು ‘ಇ 471’. ಬ್ರೆಡ್ಡು, ಬಿಸ್ಕತ್ತು, ಐಸ್‌ಕ್ರೀಂ ಎಲ್ಲದರಲ್ಲೂ ಅದೇ. ಎಣ್ಣೆ ನೀರು ಬೇರೆಯಾಗದಂತೆ ಹಿಡಿದಿಡುವ ಕೊಬ್ಬಿನಾಮ್ಲದ ಸಂಯುಕ್ತ ಅದು. ತಾಳೆಯೆಣ್ಣೆಯಿಂದಲೂ ಮಾಡಬಹುದು, ಪ್ರಾಣಿಗಳ ಕೊಬ್ಬಿನಿಂದಲೂ ಮಾಡಬಹುದು, ಮೂಲ ಯಾವುದೆಂದು ಲೇಬಲ್ಲಿನಲ್ಲಿ ಹೇಳಬೇಕಾಗಿಲ್ಲ. ನೇರವಾಗಿ ಎಣ್ಣೆ ಹಾಕಿದ್ದರೆ ಯಾವ ಗಿಡದ್ದೆಂದು ಬರೆಯಬೇಕು, ಅದೇ ಎಣ್ಣೆ ಸಂಖ್ಯೆಯಾಗಿ ಬದಲಾದರೆ ಬೇಡ! ಇಂಥಲ್ಲಿ ಉಳಿಯುವ ದಾರಿ ತಯಾರಕರಿಗೆ ಇ-ಮೇಲ್ ಬರೆದು ಕೇಳುವುದು. ಅವಳು ಬರೆದಳು. ಸಸ್ಯಮೂಲದ್ದೆಂದು ಉತ್ತರ ಬಂದ ಬ್ರೆಡ್ಡನ್ನೇ ಈಗ ಪ್ರತಿವಾರ ತರುತ್ತಾಳೆ.

ಇನ್ನು ಲೇಬಲ್ ಬಾಯಿಯೇ ಬಿಡದ ಜಾಗಗಳಿವೆ. ತಿಳಿಯಾದ ಸೇಬಿನ ರಸವನ್ನು ಜೆಲಟಿನ್ ಹಾಕಿ ತಿಳಿಗೊಳಿಸಲು ಅನುಮತಿಯಿದೆ. ಮಡ್ಡಿಯನ್ನು ಹಿಡಿದುಕೊಂಡು ಅದು ತಳಕ್ಕಿಳಿಯುತ್ತದೆ, ರಸವನ್ನು ಬಸಿದುಕೊಳ್ಳುತ್ತಾರೆ. ತಯಾರಿಕೆಗೆ ನೆರವಾಗಿ ಹೊರಬಂದ ವಸ್ತುವೆಂಬ ಲೆಕ್ಕದಲ್ಲಿ ಅದು ಪಟ್ಟಿಗೆ ಸೇರುವುದಿಲ್ಲ. ತಿಳಿಗೊಳಿಸದ ಮಬ್ಬು ರಸ ಕೊಂಡರೆ ಈ ತಲೆನೋವಿಲ್ಲ, ರುಚಿಯೂ ನನ್ನ ಮಟ್ಟಿಗೆ ಅದರದೇ ಮೇಲು. ಬೇಕರಿಯ ಬಿಡಿ ತಿನಿಸುಗಳದು ಇನ್ನೊಂದು ಕತೆ. ಅವುಗಳಿಗೆ ಅಲರ್ಜಿಯ ಮಾಹಿತಿ ಮಾತ್ರ ಕಡ್ಡಾಯ, ಪೂರ್ತಿ ಪಟ್ಟಿಯಲ್ಲ. ದಕ್ಷಿಣ ಜರ್ಮನಿಯ ಪದ್ಧತಿಯ ಬ್ರೆಟ್ಸೆಲ್ ಹಿಟ್ಟಿಗೆ ಹಂದಿಯ ಕೊಬ್ಬು ಸೇರಿಸುವುದುಂಟು. ಕೌಂಟರಿನಲ್ಲಿದ್ದ ಹೆಂಗಸನ್ನು ಅವಳು ಇದರಲ್ಲಿ ಷ್ಮಾಲ್ಟ್ಸ್ ಇದೆಯೇ ಎಂದು ಕೇಳಿದಳು. ಆಕೆ ಕಡತ ತೆಗೆದು ಗೋಧಿ ಇದೆ, ಹಾಲಿಲ್ಲ ಎಂದು ಓದಿ ಹೇಳಿದಳು. ಆಮೇಲೆ ಒಳಗೆ ಹೋಗಿ ಕೇಳಿಕೊಂಡು ಬಂದು, ಬೆಣ್ಣೆಯೂ ಅಲ್ಲ ಕೊಬ್ಬೂ ಅಲ್ಲ, ಎಣ್ಣೆ ಎಂದಳು. ಒಳಗೆ ಹೋಗಿ ಕೇಳುವಷ್ಟು ವ್ಯವಧಾನ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.

ಅಕ್ಕನಿಗೆ ವಿಡಿಯೊ ಕರೆಯಲ್ಲಿ ಪೊಟ್ಟಣ ತೋರಿಸುವುದು ರೂಢಿಯಾಯಿತು.

“ಕೆಳಗಡೆ ಅದೇನೋ ಮೊಟ್ಟೆ ಅಂತ ಬರೆದಿದೆ ಅಂದೆಯಲ್ಲೇ?”

“ಅದು ಹಾಕಿರೋದಲ್ಲಮ್ಮ. ಅದೇ ಫ್ಯಾಕ್ಟರೀಲಿ ಮೊಟ್ಟೆಯ ತಿಂಡಿನೂ ಮಾಡ್ತಾರೆ, ಚೂರುಪಾರು ತಾಗಿರಬಹುದು ಅಂತ ಅಲರ್ಜಿ ಇರೋರಿಗೆ ಎಚ್ಚರಿಕೆ.”

“ನೋಡಮ್ಮ, ನಮ್ಮೂರಿನ ಬೇಕರಿಯವನು ಎರಡಕ್ಕೂ ಒಂದೇ ಒಲೆ ಹಚ್ತಾನೆ. ಅದನ್ನ ಕೇಳಿಕೊಂಡು ಕೂತರೆ ಆಗಲ್ಲ. ತಿನ್ನು.”

ಅಕ್ಕ ಸರಿಯಾಗಿಯೇ ಗೆರೆ ಎಳೆದಳು ಎನ್ನಬೇಕು. ಬೇಕೆಂದೇ ಹಾಕಿದ್ದು ಬೇಡ, ಆಕಸ್ಮಿಕವಾಗಿ ತಾಗಿದ್ದರೆ ಚಿಂತೆಯಿಲ್ಲ. ಆದರೆ ಪೆಸ್ಟೊ ಬೇಡ, ಅದರಲ್ಲಿ ಎರಡೂ ಬೇಕೆಂದೇ ಹಾಕಿದವು. ಅದರ ಬದಲು ಗೋಡಂಬಿ, ಬೆಸಿಲ್, ಉಪ್ಪು, ಎಣ್ಣೆ, ಬೆಳ್ಳುಳ್ಳಿ ಹಾಕಿ ಅವಳೇ ರುಬ್ಬಿಕೊಳ್ಳುತ್ತಾಳೆ.

ಅನೇಕ ಪೊಟ್ಟಣಗಳ ಮೇಲೆ ಹಳದಿ ವೃತ್ತದಲ್ಲಿ ಹಸಿರು ‘ವಿ’ ಅಕ್ಷರವಿರುವ ಗುರುತು ಕಾಣುತ್ತದೆ, ಕೆಳಗೆ ವೆಜಿಟೇರಿಯನ್ ಅಥವಾ ವೀಗನ್ ಎಂದು ಬರೆದಿರುತ್ತದೆ. ಇದು ಸರ್ಕಾರದ್ದಲ್ಲ, ತಯಾರಕರು ತಾವಾಗಿ ಪಡೆಯುವ ಖಾಸಗಿ ಗುರುತು. ಪ್ರಾಣಿಮೂಲದ ಲಾಬ್, ಜೆಲಟಿನ್ ಇದ್ದರೆ ಅದು ಸಿಗುವುದಿಲ್ಲ. ಆದರೆ ಅಲ್ಲಿನ ವೆಜಿಟೇರಿಯನ್ ತಿನಿಸಿಗೆ ಮೊಟ್ಟೆ ವರ್ಜ್ಯವಲ್ಲ. ವೀಗನ್ ಎಂದಿದ್ದರೆ ಮೊಟ್ಟೆ ಇಲ್ಲ, ಹಾಲೂ ಇಲ್ಲ. ಹಾಲು ಕುಡಿದು ಮೊಟ್ಟೆ ಬಿಡುವ ನಮ್ಮಂಥವರಿಗೆಂದೇ ಹೇಳಿ ಮಾಡಿಸಿದ ಗುರುತು ಅಲ್ಲಿಲ್ಲ.

ಆದ್ದರಿಂದ ಆ ದೇಶಕ್ಕೆ ಓದಲು ಹೊರಟ, ಮೊಟ್ಟೆ ತಿನ್ನದ ಮಕ್ಕಳಿಗೆ ಅವಳ ಸಲಹೆ ಇದು: ಬಿಸ್ಕತ್ತು, ಸೂಪು, ಸಾಸುಗಳಲ್ಲಿ ವೀಗನ್ ಎಂದಿರುವುದನ್ನೇ ಕೊಳ್ಳಿ, ಹಾಲಿನ ಪದಾರ್ಥಗಳಲ್ಲಿ ಮಾತ್ರ ಪಟ್ಟಿ ಓದಿ ಲಾಬ್, ಗೆಲಟೀನೆ ಹುಡುಕಿ. ಅದಕ್ಕೆ ನನ್ನದೊಂದು ಸೇರ್ಪಡೆ. ಲಾಬ್ ಹಾಕಿದ ಚೀಸು, ಮೂಲ ತಿಳಿಯದ ಇ 471, ಎಲ್ಲಿಯವರೆಗೆ ಸರಿ ಎಂಬುದನ್ನು ಹೊರಡುವ ಮೊದಲೇ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿಕೊಳ್ಳಿ.