5:40 ತೋರಿಸಿದ ಗಡಿಯಾರ

ಮುಂಬೈ ಮ್ಯಾರಥಾನ್‌ನ ಪೆಡ್ಡರ್ ರೋಡ್ ಏರು ಓಡುವವರಿಗೆ ಎರಡು ಸಲ ಎದುರಾಗುತ್ತದೆ. ಹೋಗುವಾಗ ಇನ್ನೂ ಕತ್ತಲು, ಕಾಲಲ್ಲಿ ಕಸುವು ತುಂಬಿರುತ್ತದೆ. ಅದು ಏರು ಅನ್ನುವುದೇ ಗೊತ್ತಾಗುವುದಿಲ್ಲ. ವಾಪಸು ಬರುವಾಗ 35 ಕಿಲೋಮೀಟರ್ ದಾಟಿರುತ್ತದೆ, ಬಿಸಿಲು ಏರಿರುತ್ತದೆ. ನಮ್ಮ ಕಥೆ ನಡೆಯುವುದು ಆ ಎರಡನೆಯ ಏರಿನ ಆಚೀಚೆ.

ಓಟಗಾರ್ತಿ ಮೈಸೂರಿನವಳು, ಬ್ಯಾಂಕ್ ಉದ್ಯೋಗಿ, ವಯಸ್ಸು 43. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ, ಭಾನುವಾರ ಚಾಮುಂಡಿ ಬೆಟ್ಟ ಹತ್ತಿ ತಯಾರಾದವಳು. ಹೆಸರು ಬೇಡ, ನಾನು ಕಂಡ ಹಲವು ಓಟಗಾರ್ತಿಯರನ್ನು ಸೇರಿಸಿ ಇವಳನ್ನು ಕಟ್ಟಿಕೊಂಡಿದ್ದೇನೆ. ಇವಳ ಆಸೆ ಒಂದೇ: 4 ಗಂಟೆಯೊಳಗೆ ಮುಗಿಸಬೇಕು. 42.195 ಕಿಲೋಮೀಟರನ್ನು 240 ನಿಮಿಷಕ್ಕೆ ಹಂಚಿದರೆ ಪ್ರತಿ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು ಸಿಗುತ್ತದೆ. ಓಡುವವರು ಇದನ್ನು ಪೇಸ್ ಅನ್ನುತ್ತಾರೆ. ವಾಚ್‌ನಲ್ಲಿ ಸರಾಸರಿ ಪೇಸ್ 5:41 ದಾಟಬಾರದು, ಅಷ್ಟೇ ಅವಳು ಇಟ್ಟುಕೊಂಡ ಗುರಿ.

30ನೇ ಕಿಲೋಮೀಟರಿನ ಬೋರ್ಡ್ ದಾಟುವಾಗ ಅವಳು ಓಡಲು ತೊಡಗಿ 2 ಗಂಟೆ 49 ನಿಮಿಷ 30 ಸೆಕೆಂಡು ಆಗಿತ್ತು. ವಾಚ್ ಸರಾಸರಿ 5:36 ಅಂತಿತ್ತು. ಕಿಲೋಮೀಟರಿಗೆ 5 ಸೆಕೆಂಡಿನಂತೆ 30 ಕಿಲೋಮೀಟರಿಗೆ ಎರಡೂವರೆ ನಿಮಿಷ ಉಳಿಸಿದ್ದೇನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಿಜವಾಗಿ ಉಳಿದಿದ್ದು ಒಂದು ನಿಮಿಷ 8 ಸೆಕೆಂಡು.

ಮಿಕ್ಕ ಸಮಯ ಎಲ್ಲಿ ಹೋಯಿತು? ಆ ಬೋರ್ಡಿನ ಪಕ್ಕದಲ್ಲಿ ಅವಳ ವಾಚ್ 30.24 ಕಿಲೋಮೀಟರ್ ತೋರಿಸುತ್ತಿತ್ತು. ಹೆಚ್ಚಿನವರು ಬೋರ್ಡ್ ತಪ್ಪು ಜಾಗದಲ್ಲಿದೆ ಅಂದುಕೊಳ್ಳುತ್ತಾರೆ. ಆದರೆ ಮಾನ್ಯತೆ ಪಡೆದ ಮ್ಯಾರಥಾನ್ ದಾರಿಯನ್ನು ಸೈಕಲ್ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆ ಯಂತ್ರ ಕಟ್ಟಿ ಅಳೆಯುತ್ತಾರೆ. ಪ್ರತಿ ತಿರುವಿನಲ್ಲೂ ರಸ್ತೆಯಂಚಿನಿಂದ ಬರೀ 30 ಸೆಂಟಿಮೀಟರ್ ದೂರದಲ್ಲಿ, ಅಂದರೆ ಸಾಧ್ಯವಿರುವ ಅತಿ ಹತ್ತಿರದ ಗೆರೆಯಲ್ಲಿ ಸೈಕಲ್ ಸಾಗುತ್ತದೆ. ದಾರಿ ಎಲ್ಲೂ ಕಡಿಮೆ ಬೀಳದಿರಲಿ ಎಂದು ಸಾವಿರಕ್ಕೆ ಒಂದು ಪಾಲು ಸೇರಿಸುತ್ತಾರೆ. ಮ್ಯಾರಥಾನಿಗೆ ಅದು ಸುಮಾರು 42 ಮೀಟರ್.

ಸಾವಿರಾರು ಜನರ ನಡುವೆ ಓಡುವವಳಿಗೆ ಆ ಗೆರೆ ಸಿಗುವುದಿಲ್ಲ. ನಿಧಾನದವರನ್ನು ಬಳಸಿ ಹೋಗಬೇಕು, ನೀರಿನ ಮೇಜಿಗೆ ಓರೆಯಾಗಿ ಸರಿಯಬೇಕು, ತಿರುವಿನಲ್ಲಿ ಹೊರಗಿನಿಂದ ಸುತ್ತಬೇಕು. ಅದು ನಿಜವಾಗಿ ಓಡಿದ ಹೆಚ್ಚುವರಿ ದೂರ. ಇದರ ಮೇಲೆ ವಾಚ್‌ನ ಸ್ವಂತ ತಪ್ಪೂ ಸೇರುತ್ತದೆ. ಉಪಗ್ರಹದ ಸಂಕೇತದಿಂದ ಅದು ಗುರುತಿಸುವ ಪ್ರತಿ ಬಿಂದುವೂ ಕೆಲವು ಮೀಟರ್ ಅತ್ತಿತ್ತ ಇರುತ್ತದೆ. ಬಿಂದುಗಳನ್ನು ಜೋಡಿಸಿದರೆ ನೇರ ರಸ್ತೆಯೂ ತುಸು ಅಂಕುಡೊಂಕಾಗಿ, ನಿಜಕ್ಕಿಂತ ಉದ್ದವಾಗುತ್ತದೆ. ಎರಡೂ ಸೇರಿ ಅವಳ ವಾಚ್ ನೂರಕ್ಕೆ 0.8ರಷ್ಟು ಹೆಚ್ಚು ತೋರಿಸುತ್ತಿತ್ತು. ಇದು ತೀರಾ ಸಾಮಾನ್ಯ.

ಆ ಲೆಕ್ಕದಲ್ಲಿ ಕೊನೆಯ ಗೆರೆ ಮುಟ್ಟುವಾಗ ಅವಳ ವಾಚ್ 42.53 ತೋರಿಸಬೇಕು. ಅಷ್ಟನ್ನು 4 ಗಂಟೆಯಲ್ಲಿ ಮುಗಿಸಲು ವಾಚ್‌ನಲ್ಲಿ ಇರಬೇಕಾದ ಸರಾಸರಿ 5:41 ಅಲ್ಲ, ಹೆಚ್ಚುಕಡಿಮೆ 5:38. ಈ 3 ಸೆಕೆಂಡು ಅವಳಿಗೆ ಗೊತ್ತಿರಲಿಲ್ಲ.

ಅತ್ತ ದೇಹವೂ ಜಾರತೊಡಗಿತ್ತು. ಓಡಲು ಕಿಲೋಮೀಟರಿಗೆ, ಮೈತೂಕದ ಪ್ರತಿ ಕಿಲೋಗೆ, ಸುಮಾರು ಒಂದು ಕ್ಯಾಲೊರಿ ಖರ್ಚು. 56 ಕಿಲೋ ತೂಕದ ಅವಳಿಗೆ ಇಡೀ ಓಟಕ್ಕೆ 2,300ಕ್ಕೂ ಹೆಚ್ಚು ಕ್ಯಾಲೊರಿ ಬೇಕು. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಶೇಖರವಾಗುವ ಗ್ಲೈಕೊಜೆನ್ ಎಂಬ ಸಕ್ಕರೆ ಸಾಧಾರಣವಾಗಿ 2,000 ಕ್ಯಾಲೊರಿಗಿಂತ ಹೆಚ್ಚು ಬಾಳುವುದಿಲ್ಲ. ಕೊಬ್ಬು ಬೇಕಾದಷ್ಟಿದೆ, ಆದರೆ ಅದರಿಂದ ಶಕ್ತಿ ನಿಧಾನವಾಗಿ ಬರುತ್ತದೆ, ಅದಕ್ಕೆ ಆಮ್ಲಜನಕವೂ ಜಾಸ್ತಿ ಬೇಕು. ಸಕ್ಕರೆ ತಳ ಕಂಡಂತೆ ಕಾಲು ಭಾರವಾಗುತ್ತದೆ. ಜೊತೆಗೆ ಮುಂಬೈಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ರಕ್ತದ ಒಂದು ಪಾಲು ಮೈ ತಣಿಸಲು ಚರ್ಮದ ಕಡೆ ಹೋಗುತ್ತದೆ. ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗಿ, ಬಡಿತಗಳ ಸಂಖ್ಯೆ ಹೆಚ್ಚುತ್ತದೆ. ಅವಳ ವಾಚ್‌ನಲ್ಲಿ 158 ಇದ್ದ ಬಡಿತ 172ಕ್ಕೆ ಏರಿತ್ತು, ಪೇಸ್ ಮಾತ್ರ ಇಳಿದಿತ್ತು.

ಆದರೂ 35ರ ಬೋರ್ಡಿಗೆ ಬಂದಾಗ ಸರಾಸರಿ 5:37. ಕೊನೆಯ ಐದು ಕಿಲೋಮೀಟರನ್ನು ಅವಳು 5:45ರಂತೆ ಓಡಿದ್ದಳು, ಸರಾಸರಿ ಕದಲಿದ್ದು ಒಂದೇ ಸೆಕೆಂಡು. ಸರಾಸರಿಯ ಗುಣವೇ ಅದು: ಹಿಂದೆ ಓಡಿದ 30 ಕಿಲೋಮೀಟರಿನ ಭಾರದ ಮುಂದೆ ಈಗಿನ ಒಂದು ಕಿಲೋಮೀಟರಿಗೆ ತೂಕವಿಲ್ಲ. ಬೇಕಾಗಿರುವುದು ಈಗಿನ ಸುದ್ದಿ. ಸರಾಸರಿ ಹೇಳುವುದು ಬೆಳಗಿನ ಜಾವದ ಸುದ್ದಿಯನ್ನು.

ಏರಿನಲ್ಲಿ ಅವಳು ಕ್ಷಣದ ಪೇಸ್ ತೋರಿಸುವ ಪರದೆಗೆ ಬದಲಿಸಿದಳು. 5:20 ಅಂತು, ಮರುಕ್ಷಣ 6:40 ಅಂತು. ಪೆಡ್ಡರ್ ರೋಡಿನ ಇಕ್ಕೆಲದಲ್ಲೂ ಎತ್ತರದ ಕಟ್ಟಡಗಳು. ಸಂಕೇತ ಅವುಗಳ ಗೋಡೆಗೆ ತಾಗಿ, ಸುತ್ತಿ ಬಂದಾಗ ವಾಚ್ ಓಟಗಾರ್ತಿಯನ್ನು ರಸ್ತೆಯಾಚೆಗೆ ಎಸೆದು ಮತ್ತೆ ಎಳೆದು ತರುತ್ತದೆ. ಆ ಅಂಕಿಯನ್ನು ನಂಬುವಂತಿರಲಿಲ್ಲ. ಅವಳು ಮತ್ತೆ ಸರಾಸರಿಗೇ ಮರಳಿದಳು.

ಪಕ್ಕದಲ್ಲಿ ಮೈಸೂರಿನ ಅದೇ ಗುಂಪಿನ ಹುಡುಗನೊಬ್ಬ ಓಡುತ್ತಿದ್ದ. "ಅಕ್ಕಾ, ವಾಚ್ ಬಿಡಿ, ಬೋರ್ಡ್ ನೋಡಿ" ಅಂದ.

"5:38 ಇದೆ ಕಣೋ, ಇನ್ನೂ 3 ಸೆಕೆಂಡ್ ಕೈಯಲ್ಲಿದೆ."

ಅವನಿಗೆ ಉತ್ತರಿಸಲು ಉಸಿರಿರಲಿಲ್ಲ. 36ನೇ ಕಿಲೋಮೀಟರಿಗೆ ಅವಳು ತೆಗೆದುಕೊಂಡಿದ್ದು 6:05, 37ಕ್ಕೆ 5:55, 38ಕ್ಕೆ 6:00. ಬೋರ್ಡಿನ ಲೆಕ್ಕದಲ್ಲಿ 37ರಲ್ಲಿ ಇನ್ನೂ 12 ಸೆಕೆಂಡು ಮುಂದಿದ್ದಳು, 38ರಲ್ಲಿ 7 ಸೆಕೆಂಡು ಹಿಂದೆ ಬಿದ್ದಿದ್ದಳು. 4 ಗಂಟೆ ಕೈಬಿಟ್ಟಿದ್ದು ಆ ಎರಡು ಬೋರ್ಡುಗಳ ನಡುವೆ. ವಾಚ್ ಅದನ್ನು ಹೇಳಲಿಲ್ಲ.

40ರ ಬೋರ್ಡ್ ಹತ್ತಿರ ವಾಚ್ 5:40 ಅಂತಿತ್ತು. ಅವಳ ಕಣ್ಣಿಗೆ ಅದು ಇನ್ನೂ ಗೆಲುವಿನ ಅಂಕಿ. ಓಡಿದ ಸಮಯ ನೋಡಿದಳು: 3:48:25. ಉಳಿದ 2.195 ಕಿಲೋಮೀಟರಿಗೆ 11 ನಿಮಿಷ 35 ಸೆಕೆಂಡು. ಸುಸ್ತಾದ ತಲೆಯಲ್ಲಿ ಭಾಗಾಕಾರ ಆಗಲು ಸ್ವಲ್ಪ ಹೊತ್ತು ಹಿಡಿಯಿತು. 5:17ರ ಪೇಸ್ ಬೇಕು. ಬೆಳಿಗ್ಗೆ ಐದಕ್ಕೆ ಹೊರಟಾಗಲೂ ಅವಳು ಅಷ್ಟು ಜೋರಾಗಿ ಓಡಿರಲಿಲ್ಲ.

ಅವಳು ನಿಲ್ಲಲಿಲ್ಲ. ಇದ್ದಬದ್ದ ಶಕ್ತಿ ಹಾಕಿ 5:50ಕ್ಕೆ ತಂದಳು. ವಾಚ್ 42.20 ಎಂದಾಗ ಕೊನೆಯ ಗೆರೆ ಇನ್ನೂ 330 ಮೀಟರ್ ದೂರದಲ್ಲಿತ್ತು. ಆ ದೂರಕ್ಕೆ ಸುಮಾರು ಎರಡು ನಿಮಿಷ ಹಿಡಿಯಿತು. ಮುಗಿಸಿ ಗುಂಡಿ ಒತ್ತಿದಾಗ ಸಮಯ 4:01:13, ಅದರ ಕೆಳಗೆ ಸರಾಸರಿ 5:40.

ಮುಂದಿನ ಜನವರಿಗೆ ಅವಳು ವಾಚ್ ತಾನೇ ಕಿಲೋಮೀಟರ್ ಎಣಿಸುವುದನ್ನು ನಿಲ್ಲಿಸಿದಳು. ಬೋರ್ಡ್ ಬಂದಾಗಲೆಲ್ಲ ತಾನೇ ಗುಂಡಿ ಒತ್ತುವಂತೆ ಬದಲಿಸಿದಳು. ಹಾಗೆ ಮಾಡಿದರೆ ಪ್ರತಿ ಕಿಲೋಮೀಟರಿನ ಸಮಯ ರಸ್ತೆಯ ಅಳತೆಯದೇ ಆಗುತ್ತದೆ. ಹೊರಡುವ ಮುಂಚೆ ಎಡಗೈ ಮೇಲೆ ಪೆನ್ನಿನಿಂದ ಮೂರು ಸಾಲು ಬರೆದುಕೊಂಡಳು: 30 – 2:50:38, 35 – 3:19:05, 40 – 3:47:31. ಬೆವರಿಗೆ ಅಳಿಸದಿರಲೆಂದು ಅದರ ಮೇಲೆ ಪಾರದರ್ಶಕ ಟೇಪ್ ಅಂಟಿಸಿಕೊಂಡಳು.