ಬಾಣಲೆಯ ನೊರೆಯಲ್ಲಿ ಸಿಕ್ಕ ಸ್ಕ್ರಿಪ್ಟು

ಸಣ್ಣ ಉದ್ದಿಮೆಯವರು ರೀಲ್ಸ್ ಮಾಡಲು ಕೂತರೆ ಮೊದಲು ಬರೆಯುವ ಸಾಲು ಹೆಚ್ಚುಕಡಿಮೆ ಒಂದೇ. ‘ನಮ್ಮಲ್ಲಿ ಶುದ್ಧವಾದ, ನೈಸರ್ಗಿಕವಾದ...’ ಎಂದು ಶುರುವಾಗುತ್ತದೆ. ಪಕ್ಕದ ಊರಿನವರೂ ಇದನ್ನೇ ಹೇಳುತ್ತಿರುವುದರಿಂದ ನೋಡುವವರ ಹೆಬ್ಬೆರಳು ಅಲ್ಲಿ ನಿಲ್ಲುವುದಿಲ್ಲ. ತಮಾಷೆಯೆಂದರೆ, ನಿಲ್ಲಿಸಬಲ್ಲ ಸಾಲುಗಳು ಅದೇ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿಗಳ ಮೆಸೇಜುಗಳಾಗಿ ಬಿದ್ದಿರುತ್ತವೆ. ಅವನ್ನು ಹೆಕ್ಕುವ ಕೆಲಸಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಆದರೆ ಒಂದು ಕ್ರಮ ಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ಕಡೆಯ ಒಂದು ಮರದ ಗಾಣ. ಕಡಲೆಕಾಯಿ ಎಣ್ಣೆ ತೆಗೆದು ಬೆಂಗಳೂರು, ದಾವಣಗೆರೆಗೆ ಕೊರಿಯರ್ ಮಾಡುತ್ತಾರೆ. ವಿಡಿಯೋಗೆ ವ್ಯೂಸ್ ಬರುತ್ತಿವೆ, ಆರ್ಡರ್ ಬರುತ್ತಿಲ್ಲ. ಇಂಥವರು ಮೊದಲು ಮಾಡಬೇಕಾದದ್ದು ಈಚಿನ ಎರಡು ಮೂರು ತಿಂಗಳ ಮಾತನ್ನೆಲ್ಲ ಒಂದು ಹಾಳೆಗೆ ಇಳಿಸುವುದು. ವಾಟ್ಸ್‌ಆ್ಯಪ್ ವಿಚಾರಣೆ, ಇನ್‌ಸ್ಟಾಗ್ರಾಂ ಕಾಮೆಂಟ್, ಗೂಗಲ್‌ನಲ್ಲಿ ಬಿದ್ದ ವಿಮರ್ಶೆ, ಫೋನಿನಲ್ಲಿ ಕೇಳಿದ್ದು, ಎಲ್ಲವೂ. ಇಂಥದೇ ಎಣ್ಣೆ ಮಾರುವ ಬೇರೆಯವರ ವಿಮರ್ಶೆಗಳನ್ನೂ ಓದಬೇಕು. ಅಲ್ಲಿ ಐದು ಸ್ಟಾರಿನವರು ಹೊಗಳಿ ಹೋಗಿರುತ್ತಾರೆ, ಒಂದು ಸ್ಟಾರಿನವರು ಬೈದು ಹೋಗಿರುತ್ತಾರೆ. ಮೂರು ಸ್ಟಾರಿನವರು ಮಾತ್ರ ಇಷ್ಟವಾದದ್ದೇನು, ಎಡವಟ್ಟಾದದ್ದೆಲ್ಲಿ ಎಂದು ಬಿಡಿಸಿ ಬರೆದಿರುತ್ತಾರೆ.

ಹಾಳೆಯಲ್ಲಿ ನಾಲ್ಕು ಅಂಕಣ ಸಾಕು: ಅವರು ಹೇಳಿದ ಮಾತು, ಎಲ್ಲಿ ಹೇಳಿದರು, ಕೊಳ್ಳುವ ಮುಂಚೆಯೋ ಆಮೇಲೆಯೋ, ಕೊನೆಗೆ ಏನಾಯಿತು. ಮಾತನ್ನು ತಿದ್ದದೆ ಬರೆದುಕೊಳ್ಳಬೇಕು. ‘ಮೇಡಂ, ಪೂರಿ ಬಿಟ್ಟ ತಕ್ಷಣ ನೊರೆ ಉಕ್ಕಿ ಸ್ಟೌ ಮೇಲೆಲ್ಲ ಚೆಲ್ಲಿತು, ಮನೆಯಲ್ಲಿ ನೆಂಟರು ಬೇರೆ’ ಎಂಬ ಮೆಸೇಜನ್ನು ‘ಗುಣಮಟ್ಟದ ದೂರು’ ಎಂದು ಗುರುತು ಹಾಕಿಕೊಂಡರೆ ಅಲ್ಲಿಗೆ ಮುಗಿಯಿತು. ಸ್ಕ್ರಿಪ್ಟು ಇದ್ದದ್ದು ಪೂರಿಯಲ್ಲಿ, ಸ್ಟೌನಲ್ಲಿ, ನೆಂಟರಲ್ಲಿ.

ಇನ್ನು ವಿಂಗಡಣೆ. ಎಣಿಸಿದರೆ ಮೊದಲ ಸ್ಥಾನದಲ್ಲಿ ಯಾವಾಗಲೂ ‘ರೇಟ್ ಎಷ್ಟು?’ ಎಂಬ ಪ್ರಶ್ನೆಯೇ ಇರುತ್ತದೆ. ಅದರ ಮೇಲೆ ವಿಡಿಯೋ ಮಾಡಲು ಹೊರಡುವುದು ಸಾಮಾನ್ಯ ತಪ್ಪು. ರೇಟ್ ಕೇಳುವುದು ಅಂಗಡಿಗೆ ಬಂದವರ ನಮಸ್ಕಾರದ ಹಾಗೆ, ಅದರಲ್ಲಿ ಸಂಕಟವೇನೂ ಇಲ್ಲ. ರೇಟ್ ಹೇಳಿದ ಮೇಲೆ ಅವರು ಬರೆದ ಎರಡನೇ ಮೆಸೇಜು ನೋಡಬೇಕು. ‘ಅಂಗಡಿಯಲ್ಲಿ ಅರ್ಧ ರೇಟಿಗೆ ಸಿಗುತ್ತಲ್ಲ?’ ಎಂದವರಿಗೆ ಲೆಕ್ಕ ಬೇಕು: ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಹೋಗುತ್ತದೆ, ಹಿಂಡಿ ಮಾರಿದರೆ ಇಷ್ಟು ವಾಪಸ್ಸು ಬರುತ್ತದೆ ಎಂದು ತಕ್ಕಡಿ ಇಟ್ಟು ತೋರಿಸುವ ವಿಡಿಯೋ ಅವರಿಗಾಗಿ. ‘ಕಲಬೆರಕೆ ಇಲ್ಲ ಅಂತ ಹೇಗೆ ನಂಬೋದು?’ ಎಂದವರು ಬೇರೆಯೇ ಗುಂಪು. ಮರುಪ್ರಶ್ನೆಯೇ ಇಲ್ಲದೆ ಸುಮ್ಮನಾದವರೂ ಇರುತ್ತಾರೆ. ನಾವು ಯಾವ ಉತ್ತರ ಕೊಟ್ಟ ಮೇಲೆ ಅವರು ಸುಮ್ಮನಾದರು ಎಂದು ಕೊನೆಯ ಅಂಕಣದಲ್ಲಿ ಬರೆದಿಟ್ಟರೆ, ಹತ್ತಾರು ಮಾತುಕತೆ ಒಂದೇ ಜಾಗದಲ್ಲಿ ನಿಂತಿರುವುದು ಕಾಣುತ್ತದೆ.

ಎಷ್ಟು ಜನ ಕೇಳಿದರು ಎನ್ನುವುದರ ಜೊತೆಗೆ ಎಷ್ಟು ಉರಿಯಿಂದ ಕೇಳಿದರು ಎನ್ನುವುದನ್ನೂ ತೂಗಬೇಕು. ತಳದಲ್ಲಿ ಗಷ್ಟು ನಿಂತಿದೆ ಎಂದು ಹೇಳುವವರು ಹೆಚ್ಚು, ಆದರೆ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನೊರೆಯ ಬಗ್ಗೆ ಹೇಳುವವರು ಕಡಿಮೆ, ಆದರೆ ಉದ್ದಕ್ಕೆ ಬರೆಯುತ್ತಾರೆ, ವಾಯ್ಸ್ ಮೆಸೇಜು ಕಳಿಸುತ್ತಾರೆ, ಬಾಣಲೆಯ ಫೋಟೋ ಹಾಕುತ್ತಾರೆ, ಅಂದು ಮನೆಯಲ್ಲಿ ಯಾರಿದ್ದರು ಎಂದೂ ಹೇಳುತ್ತಾರೆ. ಹಾಗೆ ವಿವರ ಬಂದ ಕಡೆ ನಿಲ್ಲಬೇಕು.

ನೊರೆಯ ಮೆಸೇಜುಗಳನ್ನು ಒಟ್ಟಿಗೆ ಓದಿದರೆ ಕಾಣುವ ನೋವು ಚೆಲ್ಲಿದ ಎಣ್ಣೆಯದ್ದಷ್ಟೇ ಅಲ್ಲ. ದುಬಾರಿ ಎಣ್ಣೆ ತರಿಸಿದ್ದು ಆ ಮನೆಯಾಕೆಯ ತೀರ್ಮಾನ. ನೆಂಟರ ಮುಂದೆ ನೊರೆ ಉಕ್ಕಿದಾಗ ‘ಮೋಸ ಹೋದೆಯಲ್ಲ’ ಎಂದು ಮನೆಯವರು ಅಂದಿದ್ದಾರೆ, ಅಥವಾ ಅನ್ನಬಹುದೆಂದು ಆಕೆಗೆ ಅನಿಸಿದೆ. ಸ್ಕ್ರಿಪ್ಟಿನ ಮೊದಲ ಮೂರು ಸೆಕೆಂಡು ಈಗ ತಾನಾಗಿ ಬರುತ್ತದೆ. ಕ್ಯಾಮೆರಾ ಬಾಣಲೆಯ ಮೇಲೆ, ನೊರೆ ಅಂಚಿಗೆ ಬರುತ್ತಿದೆ, ಹಿಂದಿನಿಂದ ದನಿ: ‘ಅಷ್ಟು ದುಡ್ಡು ಕೊಟ್ಟು ತರಿಸಿದ ಎಣ್ಣೆನಾ ಇದು?’ ಗಾಣ ತಿರುಗುವ ದೃಶ್ಯ, ಎತ್ತಿನ ಗೆಜ್ಜೆ, ಕೊಳಲು ಇವೆಲ್ಲ ಆಮೇಲೆ ಬಂದರೆ ಸಾಕು, ಬರದಿದ್ದರೂ ನಷ್ಟವಿಲ್ಲ.

ಮುಂದಿನ ಅರ್ಧ ನಿಮಿಷದಲ್ಲಿ ಕಾರಣ ಹೇಳಬೇಕು, ಅದು ನಿಜವೂ ಆಗಿರಬೇಕು. ಗಾಣದ ಎಣ್ಣೆಯಲ್ಲಿ ಫಾಸ್ಫೊಲಿಪಿಡ್ ಎಂಬ ಜಿಗುಟಾದ ಅಂಶ ಸ್ವಲ್ಪ ಉಳಿದಿರುತ್ತದೆ. ರಿಫೈನ್ಡ್ ಎಣ್ಣೆ ಮಾಡುವಾಗ ಅದನ್ನು ತೆಗೆದುಬಿಡುತ್ತಾರೆ. ಹಿಟ್ಟಿನಲ್ಲಿರುವ ನೀರು ಬಿಸಿಗೆ ಆವಿಯಾಗಿ ಗುಳ್ಳೆ ಏಳುತ್ತದೆ, ಈ ಜಿಗುಟು ಗುಳ್ಳೆಯನ್ನು ಬೇಗ ಒಡೆಯಲು ಬಿಡುವುದಿಲ್ಲ. ಹಾಗಾಗಿ ನೊರೆ ಕಟ್ಟುತ್ತದೆ. ಬಾಣಲೆಯನ್ನು ಅರ್ಧಕ್ಕಿಂತ ಕಡಿಮೆ ತುಂಬಿ, ಮಧ್ಯಮ ಉರಿಯಿಟ್ಟು, ಒಂದು ಸಲಕ್ಕೆ ಎರಡೇ ಪೂರಿ ಬಿಟ್ಟರೆ ಉಕ್ಕಿ ಚೆಲ್ಲುವುದಿಲ್ಲ. ಇಷ್ಟನ್ನು ಅದೇ ಬಾಣಲೆಯಲ್ಲಿ ಮಾಡಿ ತೋರಿಸಿದರೆ ಮುಗಿಯಿತು.

ಇಲ್ಲಿ ಮಾರುವವರ ಬಾಯಿ ಸ್ವಲ್ಪ ಜಾರುತ್ತದೆ. ‘ನೊರೆ ಬಂದರೆ ಶುದ್ಧ ಎಂದೇ ಅರ್ಥ’ ಎಂಬ ಸಾಲು ಕೇಳಲು ಚೆಂದ, ಆದರೆ ಸುಳ್ಳು. ಹತ್ತಾರು ಸಲ ಕಾಸಿದ ಹಳೇ ಎಣ್ಣೆಯೂ ನೊರೆಗಟ್ಟುತ್ತದೆ. ನೊರೆ ಶುದ್ಧತೆಯ ಪರೀಕ್ಷೆಯಲ್ಲ. ಹಾಗೆಯೇ ಕಾಮೆಂಟಿನಲ್ಲಿ ಯಾರೋ ‘ಈ ಎಣ್ಣೆಯಿಂದ ನನ್ನ ಮಂಡಿನೋವು ಹೋಯಿತು’ ಎಂದು ಬರೆದಿದ್ದರೆ ಅದು ಎಷ್ಟೇ ಆಸೆ ಹುಟ್ಟಿಸಿದರೂ ಸ್ಕ್ರಿಪ್ಟಿಗೆ ಬರಬಾರದು. ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆಂದು ಜಾಹೀರಾತಿನಲ್ಲಿ ಹೇಳುವಂತಿಲ್ಲ, ಅದಕ್ಕೆ 2018ರ ಆಹಾರ ಸುರಕ್ಷತಾ ನಿಯಮಗಳೇ ಇವೆ. ಗಿರಾಕಿಯ ಖಾಸಗಿ ಮೆಸೇಜಿನ ಸ್ಕ್ರೀನ್‌ಶಾಟನ್ನು ಕೇಳದೆ ಹಾಕುವುದೂ ಸಲ್ಲ.

ಹಾಳೆಯಲ್ಲಿ ಸಿಕ್ಕಿದ್ದೆಲ್ಲ ಸ್ಕ್ರಿಪ್ಟಲ್ಲ. ಕ್ಯಾನಿನ ಮುಚ್ಚಳ ಸೋರಿ ಪಾರ್ಸೆಲ್ ಜಿಡ್ಡಾಗಿ ಬಂತೆಂದು ನಾಲ್ಕಾರು ಜನ ಬರೆದಿದ್ದರೆ ಮುಚ್ಚಳ ಬದಲಾಯಿಸಬೇಕು, ಅದಕ್ಕೆ ವಿಡಿಯೋ ಬೇಡ. ಇನ್ನೊಂದು ಮಿತಿಯೂ ಇದೆ. ಇನ್‌ಸ್ಟಾಗ್ರಾಂನಲ್ಲಿ ವಾದ ಹೂಡುವವರು ಎಣ್ಣೆ ಕೊಳ್ಳುವವರೇ ಆಗಿರಬೇಕೆಂದಿಲ್ಲ. ಎತ್ತಿನ ಗಾಣವೋ ಮೋಟಾರಿನದೋ ಎಂದು ಐವತ್ತು ಕಾಮೆಂಟು ಬಿದ್ದಿದ್ದರೂ ವಾಟ್ಸ್‌ಆ್ಯಪ್‌ನಲ್ಲಿ ಆ ಪ್ರಶ್ನೆ ಒಂದು ಸಲವೂ ಬಂದಿಲ್ಲದಿದ್ದರೆ, ಅದು ಊರ ಜಗಳವೇ ಹೊರತು ಗಿರಾಕಿಯ ಸಂಕಟವಲ್ಲ. ವಿಳಾಸ ಕೊಡಲು ತಯಾರಿದ್ದವರ ಮಾತಿಗೆ ನಾನಾದರೆ ಹೆಚ್ಚು ತೂಕ ಕೊಡುತ್ತೇನೆ.

ನೋವು ಸರಿಯಾಗಿ ಹಿಡಿದೆವೋ ಇಲ್ಲವೋ ಎಂದು ತಿಳಿಯಲು ವ್ಯೂಸ್ ನೋಡಿ ಫಲವಿಲ್ಲ. ವಿಡಿಯೋದ ಉಳಿದ ಭಾಗವನ್ನು ಹಾಗೇ ಇಟ್ಟು, ಒಂದಕ್ಕೆ ನೊರೆಯ ಆರಂಭ, ಇನ್ನೊಂದಕ್ಕೆ ತಕ್ಕಡಿಯ ಆರಂಭ ಕೊಟ್ಟು, ಯಾವುದರಲ್ಲಿ ಜನ ಮೂರು ಸೆಕೆಂಡಿನ ಆಚೆಗೂ ನಿಂತರು, ಯಾವುದರಿಂದ ವಿಚಾರಣೆ ಬಂತು ಎಂದು ಹೋಲಿಸಬಹುದು. ಕೆಳಗೆ ‘ಮ್ಯೂಸಿಕ್ ಸೂಪರ್’ ಎಂಬ ಕಾಮೆಂಟುಗಳೇ ತುಂಬಿದ್ದರೆ ಏಟು ತಪ್ಪಿದೆ. ‘ನಮ್ಮ ಮನೆಯಲ್ಲೂ ಹೀಗೇ ಆಗಿತ್ತು’ ಎಂದು ಬರೆದು ಹಿಂದೆಯೇ ಇನ್ನೇನಾದರೂ ಕೇಳಿದರೆ ತಗುಲಿದೆ. ಹಾಗೆ ಕೇಳುವ ಪ್ರಶ್ನೆ ಬಹುಮಟ್ಟಿಗೆ ಕರಿದು ಉಳಿದ ಎಣ್ಣೆಯದ್ದೇ ಆಗಿರುತ್ತದೆ: ಮತ್ತೆ ಒಗ್ಗರಣೆಗೆ ಬಳಸಬಹುದೇ, ಎಷ್ಟು ದಿನ ಇಡಬಹುದು? ಅದನ್ನು ಅವರ ಮಾತಿನಲ್ಲೇ ಅದೇ ಹಾಳೆಯ ಕೆಳಗಿನ ಸಾಲಿಗೆ ಸೇರಿಸಿಕೊಳ್ಳಬೇಕು.