ಐದು ಗಂಟೆಯೊಳಗೆ ಮುಗಿಸಿರುತ್ತೇನೆ

ಐಇಎಲ್‌ಟಿಎಸ್‌ಗೆ ತಯಾರಾಗುವವರ ಕೈಯಲ್ಲೋ ಪದವಿ ತರಗತಿಯ ಮೇಜಿನ ಮೇಲೋ ಸಿಗುವ ಇಂಗ್ಲಿಷ್ ವರ್ಕ್‌ಶೀಟುಗಳಲ್ಲಿ ಒಂದು ಹಾಳೆ ಹೆಚ್ಚು ಜನರನ್ನು ಗೊಂದಲಕ್ಕೆ ಕೆಡವುತ್ತದೆ. ಅದರ ಬಹುಪಾಲು ವಾಕ್ಯಗಳು ‘ಬೈ’ ಎಂಬ ಪುಟ್ಟ ಪದದಿಂದ ಶುರುವಾಗುತ್ತವೆ: ಬೈ ಸಿಕ್ಸ್ ಓಕ್ಲಾಕ್, ಬೈ ನೆಕ್ಸ್ಟ್ ಫ್ರೈಡೇ, ಬೈ ದಿ ಎಂಡ್ ಆಫ್ ದಿ ಮಂತ್, ಬೈ ದಿ ಟೈಮ್ ಯು ಕಮ್. ಮುಂದೆ ಒಂದು ಖಾಲಿ ಜಾಗ, ಆವರಣದಲ್ಲಿ ಒಂದು ಕ್ರಿಯಾಪದ. ಅಲ್ಲಿ ತುಂಬಬೇಕಾದದ್ದು ಫ್ಯೂಚರ್ ಪರ್ಫೆಕ್ಟ್ ರೂಪವೋ, ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯುಯಸ್ ರೂಪವೋ ಎಂಬುದೇ ಪ್ರಶ್ನೆ. ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾ ಮಾನದಂಡದಲ್ಲಿ ಆರು ಮೆಟ್ಟಿಲುಗಳಿವೆ. ಈ ಪಾಠ ಸಾಮಾನ್ಯವಾಗಿ ನಾಲ್ಕನೆಯ ಮೆಟ್ಟಿಲಾದ ಬಿ2ರ ಹೊತ್ತಿಗೆ ಎದುರಾಗುತ್ತದೆ.

ಕನ್ನಡಿಗರಿಗೆ ಇವೆರಡೂ ಒಂದೇ ಸಮ ಕಷ್ಟವಲ್ಲ. ಮೊದಲನೆಯದರ ಅಚ್ಚು ನಮ್ಮ ಮಾತಿನಲ್ಲಿ ಆಗಲೇ ಇದೆ. ಎರಡನೆಯದನ್ನು ನಾವು ಹೇಳುವ ದಾರಿಯೇ ಬೇರೆ. ಇದನ್ನು ಯಾರೂ ಬಿಡಿಸಿ ಹೇಳದ ಕಾರಣ ವಿದ್ಯಾರ್ಥಿಗಳು ಎರಡನ್ನೂ ಸೂತ್ರದಂತೆ ಬಾಯಿಪಾಠ ಮಾಡುತ್ತಾರೆ, ಎರಡರಲ್ಲೂ ಎಡವುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಟೀಚರ್ ಮುಂದೆ ತಿದ್ದಬೇಕಾದ 40 ಉತ್ತರ ಪತ್ರಿಕೆಗಳಿವೆ. ಮಧ್ಯಾಹ್ನ ಎರಡಕ್ಕೆ ಕೂರುತ್ತಾರೆ, ಗಂಟೆಗೆ 12ರಂತೆ ಬಿಡುವಿಲ್ಲದೆ ತಿದ್ದುತ್ತಾರೆ. ಈಗ ಇನ್ನೂ ಬೆಳಗಿನ ಹೊತ್ತು, ಕೆಲಸ ಶುರುವಾಗಿಲ್ಲ. ಸಂಜೆ ಐದಕ್ಕೆ ಏನಾಗಿರುತ್ತದೆ ಎಂದು ಈಗಲೇ ಹೇಳಬೇಕು.

ಐದು ಗಂಟೆಗೆ ಮೂರು ತಾಸು ಕಳೆದಿರುತ್ತದೆ, 36 ಪತ್ರಿಕೆ ತಿದ್ದಿ ಆಗಿರುತ್ತದೆ. ಎಷ್ಟು ಪತ್ರಿಕೆ ಎಂದು ಕೇಳಿದರೆ ಇಂಗ್ಲಿಷಿನ ಉತ್ತರ: “ಬೈ ಫೈವ್, ಶಿ ವಿಲ್ ಹ್ಯಾವ್ ಕರೆಕ್ಟೆಡ್ ಥರ್ಟಿಸಿಕ್ಸ್ ಪೇಪರ್ಸ್.” ಎಷ್ಟು ಹೊತ್ತಿನಿಂದ ಎಂದು ಕೇಳಿದರೆ: “ಬೈ ಫೈವ್, ಶಿ ವಿಲ್ ಹ್ಯಾವ್ ಬೀನ್ ಕರೆಕ್ಟಿಂಗ್ ಪೇಪರ್ಸ್ ಫಾರ್ ತ್ರೀ ಅವರ್ಸ್.” ಗಳಿಗೆ ಒಂದೇ, ಕೆಲಸ ಒಂದೇ. ಬದಲಾದದ್ದು ಪ್ರಶ್ನೆ ಮಾತ್ರ. ಲೆಕ್ಕಕ್ಕೆ ಸಿಗುವ ಫಲ ಬೇಕಾದಾಗ ಮೊದಲ ರೂಪ, ನಡೆಯುತ್ತ ಬಂದ ಅವಧಿ ಬೇಕಾದಾಗ ಎರಡನೆಯದು. 36 ಎಂಬ ಸಂಖ್ಯೆಯನ್ನು ಎರಡನೆಯ ವಾಕ್ಯಕ್ಕೆ ತುರುಕಿ “ವಿಲ್ ಹ್ಯಾವ್ ಬೀನ್ ಕರೆಕ್ಟಿಂಗ್ ಥರ್ಟಿಸಿಕ್ಸ್ ಪೇಪರ್ಸ್” ಎಂದರೆ ಇಂಗ್ಲಿಷ್ ಕಿವಿಗೆ ಅದು ಒಗ್ಗುವುದಿಲ್ಲ. ಮುಗಿದ ಎಣಿಕೆಯನ್ನೂ ಮುಗಿಯದ ಕ್ರಿಯೆಯನ್ನೂ ಒಂದೇ ಪದಗುಚ್ಛಕ್ಕೆ ಕಟ್ಟಿದಂತಾಗುತ್ತದೆ.

ಇನ್ನು ನಾಲ್ಕು ಪತ್ರಿಕೆ ಉಳಿದಿವೆ. ಒಂದಕ್ಕೆ ಐದು ನಿಮಿಷದಂತೆ ಇಪ್ಪತ್ತು ನಿಮಿಷ ಬೇಕು. ಆದ್ದರಿಂದ “ಬೈ ಫೈವ್, ಶಿ ವೋಂಟ್ ಹ್ಯಾವ್ ಫಿನಿಶ್ಡ್” ಎಂಬುದು ನಿಜ, “ಬೈ ಫೈವ್ ಥರ್ಟಿ, ಶಿ ವಿಲ್ ಹ್ಯಾವ್ ಫಿನಿಶ್ಡ್” ಎಂಬುದೂ ನಿಜ. ಎರಡನೆಯ ವಾಕ್ಯ ಐದೂವರೆಗೆ ಸರಿಯಾಗಿ ಮುಗಿಯಿತು ಎನ್ನುತ್ತಿಲ್ಲ. ಮುಗಿದದ್ದು ಐದು ಇಪ್ಪತ್ತಕ್ಕೆ. ‘ಬೈ’ ಹೇಳುವುದು ಗಡುವನ್ನು. ಕೆಲಸ ಆ ಗಳಿಗೆಯಲ್ಲೋ ಅದಕ್ಕಿಂತ ಮೊದಲೋ ಆಗಿರುತ್ತದೆ, ಯಾವಾಗ ಎಂಬುದು ವಾಕ್ಯಕ್ಕೆ ಬೇಕಾಗಿಲ್ಲ. “ಅಟ್ ಫೈವ್” ಎಂದರೆ ಚಿತ್ರವೇ ಬದಲಾಗುತ್ತದೆ. ಆ ಗಳಿಗೆಯಲ್ಲಿ ಟೀಚರ್ ಪೆನ್ನು ಹಿಡಿದು ಕೂತಿರುತ್ತಾರೆ: “ಅಟ್ ಫೈವ್, ಶಿ ವಿಲ್ ಬಿ ಕರೆಕ್ಟಿಂಗ್ ಪೇಪರ್ಸ್.” ಒಳ್ಳೆಯ ವರ್ಕ್‌ಶೀಟು ‘ಅಟ್’ ಮತ್ತು ‘ಬೈ’ ವಾಕ್ಯಗಳನ್ನು ಬೆರೆಸಿ ಕೊಡುವುದು ಇದೇ ಕಾರಣಕ್ಕೆ. ಹಾಳೆಯ ಎಲ್ಲ ಪ್ರಶ್ನೆಗೂ ಒಂದೇ ರೂಪ ಉತ್ತರವಾದರೆ ವಿದ್ಯಾರ್ಥಿ ಓದದೆಯೇ ತುಂಬಿಬಿಡುತ್ತಾನೆ.

ಈಗ ಕನ್ನಡಕ್ಕೆ ಬನ್ನಿ. “ಐದು ಗಂಟೆಯೊಳಗೆ 36 ಪತ್ರಿಕೆ ತಿದ್ದಿರುತ್ತೇನೆ” ಎಂದು ನಾವು ಯೋಚಿಸದೆ ಹೇಳುತ್ತೇವೆ. ‘ತಿದ್ದಿ’ ಎಂಬಲ್ಲಿ ಕೆಲಸ ಮುಗಿದಿದೆ, ‘ಇರುತ್ತೇನೆ’ ಎಂಬಲ್ಲಿ ಮುಂದಿನ ಗಳಿಗೆ ಇದೆ. ‘ವಿಲ್ ಹ್ಯಾವ್ ಕರೆಕ್ಟೆಡ್’ ಮಾಡುವ ಕೆಲಸ ಇದೇ. “ಐದರೊಳಗೆ ತಿದ್ದುತ್ತೇನೆ” ಮತ್ತು “ಐದರೊಳಗೆ ತಿದ್ದಿರುತ್ತೇನೆ” ಎಂಬುದರ ನಡುವಣ ವ್ಯತ್ಯಾಸವೂ ನಮಗೆ ಗೊತ್ತು. ಮೊದಲನೆಯದು ಇಲ್ಲಿ ನಿಂತು ಕೊಟ್ಟ ಮಾತು. ಎರಡನೆಯದರಲ್ಲಿ ಐದು ಗಂಟೆಯ ಬಳಿಯೇ ಹೋಗಿ ನಿಂತು ಹಿಂದಕ್ಕೆ ನೋಡುತ್ತೇವೆ. ಇಂಗ್ಲಿಷಿನಲ್ಲಿಯೂ “ಐ ವಿಲ್ ಫಿನಿಶ್ ಬೈ ಫೈವ್” ತಪ್ಪಲ್ಲ. ‘ಬೈ’ ಕಂಡ ಕೂಡಲೇ ‘ವಿಲ್ ಹ್ಯಾವ್’ ಬರೆಯಲೇಬೇಕು ಎಂದು ಕಲಿಸುವವರು ಇಲ್ಲದ ನಿಯಮವನ್ನು ಹೇರುತ್ತಿದ್ದಾರೆ. ‘ಬೈ’ ಒಂದು ಸುಳಿವು ಅಷ್ಟೆ.

ಕನ್ನಡ ಕೈಕೊಡುವುದು ಗಡುವಿನ ಪದದಲ್ಲಿ. “ಎರಡು ಗಂಟೆಯೊಳಗೆ ಮುಗಿಸಿರುತ್ತೇನೆ” ಎಂದರೆ ಗಡಿಯಾರದಲ್ಲಿ ಎರಡು ಹೊಡೆಯುವ ಮುಂಚೆಯೋ, ಈಗಿನಿಂದ ಎರಡು ತಾಸಿನಲ್ಲೋ? ನಮ್ಮಲ್ಲಿ ಅದನ್ನು ಸಂದರ್ಭ ಬಿಡಿಸುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಬೈ ಟೂ ಓಕ್ಲಾಕ್’, ಎರಡನೆಯದು ‘ವಿದಿನ್ ಟೂ ಅವರ್ಸ್’ ಅಥವಾ ‘ಇನ್ ಟೂ ಅವರ್ಸ್’. ‘ಬೈ ಟೂ ಅವರ್ಸ್’ ಎಂದು ಬರೆದ ಹಾಳೆಗಳು ಸಾಲುಸಾಲಾಗಿ ಸಿಗುತ್ತವೆ, ಬರೆದವರ ತಲೆಯಲ್ಲಿ ‘ಒಳಗೆ’ ಎಂಬುದು ಒಂದೇ ಪದ. ‘ಬೈ’ ಆದ ಮೇಲೆ ಬರಬೇಕಾದದ್ದು ಕಾಲದ ಬಿಂದು, ಉದ್ದವಲ್ಲ. ‘ಅನ್‌ಟಿಲ್’ ಜತೆಗೂ ಇಂಥದೇ ತೊಡಕಿದೆ. ‘ಐದರವರೆಗೆ ತಿದ್ದುತ್ತೇನೆ’ ಎಂದರೆ ಐದರ ತನಕ ಕೆಲಸ ಸಾಗುತ್ತದೆ, ಅದು ‘ಅನ್‌ಟಿಲ್’. ‘ಐದರೊಳಗೆ’ ಎಂದರೆ ಮುಗಿಯುತ್ತದೆ, ಅದು ‘ಬೈ’. ಅದೃಷ್ಟಕ್ಕೆ ಈ ಭೇದ ಕನ್ನಡದಲ್ಲಿಯೂ ಸ್ಪಷ್ಟವಾಗಿದೆ, ‘ವರೆಗೆ’ ಮತ್ತು ‘ಒಳಗೆ’ ಎಂದು ಮನಸ್ಸಿನಲ್ಲಿ ಹೇಳಿಕೊಂಡರೆ ಸಾಕು.

ಹೆಚ್ಚು ಅಂಕ ಹೋಗುವ ಜಾಗ ‘ಬೈ ದಿ ಟೈಮ್’. “ನೀವು ಬರುವ ಹೊತ್ತಿಗೆ ತಿದ್ದಿರುತ್ತೇನೆ” ಎಂಬುದನ್ನು ಇಂಗ್ಲಿಷಿಗೆ ತರುವಾಗ ವಿದ್ಯಾರ್ಥಿ “ಬೈ ದಿ ಟೈಮ್ ಯು ವಿಲ್ ಕಮ್” ಎಂದು ಬರೆಯುತ್ತಾನೆ. ಬರುವುದು ಇನ್ನೂ ಆಗಬೇಕಾದದ್ದು, ಹಾಗಾಗಿ ‘ವಿಲ್’ ಸಹಜ ಎನಿಸುತ್ತದೆ. ಆದರೆ ಇಂಗ್ಲಿಷಿನಲ್ಲಿ ಕಾಲ ಸೂಚಿಸುವ ಉಪವಾಕ್ಯ ವರ್ತಮಾನದಲ್ಲೇ ನಿಲ್ಲಬೇಕು: “ಬೈ ದಿ ಟೈಮ್ ಯು ಕಮ್, ಐ ವಿಲ್ ಹ್ಯಾವ್ ಫಿನಿಶ್ಡ್.” ಭವಿಷ್ಯವನ್ನು ಪ್ರಧಾನ ವಾಕ್ಯವೊಂದೇ ಹೊತ್ತಿರುತ್ತದೆ.

ಇಲ್ಲಿ ಇನ್ನೂ ಒಂದು ಬಲೆ ಇದೆ. ನಮ್ಮ ‘ಬರುವ ಹೊತ್ತಿಗೆ’ ನಿನ್ನೆಯ ಮಾತಿಗೂ ನಾಳೆಯ ಮಾತಿಗೂ ಒಂದೇ. “ನಾವು ಬರುವ ಹೊತ್ತಿಗೆ ರೈಲು ಹೋಗಿತ್ತು”, “ನಾವು ಬರುವ ಹೊತ್ತಿಗೆ ರೈಲು ಹೋಗಿರುತ್ತದೆ” ಎಂಬ ಎರಡು ವಾಕ್ಯಗಳಲ್ಲಿ ಮೊದಲ ಭಾಗ ಕಿಂಚಿತ್ತೂ ಬದಲಾಗಿಲ್ಲ. ಇಂಗ್ಲಿಷಿನಲ್ಲಿ ಎರಡೂ ಭಾಗ ಬದಲಾಗುತ್ತವೆ: “ಬೈ ದಿ ಟೈಮ್ ವಿ ಕೇಮ್, ದಿ ಟ್ರೇನ್ ಹ್ಯಾಡ್ ಲೆಫ್ಟ್”, “ಬೈ ದಿ ಟೈಮ್ ವಿ ಕಮ್, ದಿ ಟ್ರೇನ್ ವಿಲ್ ಹ್ಯಾವ್ ಲೆಫ್ಟ್.” ಮೇಲ್ಮಟ್ಟದ ಹಾಳೆಗಳು ಇವೆರಡನ್ನೂ ಒಂದರ ಪಕ್ಕ ಒಂದು ಇಡುತ್ತವೆ. ‘ಕಮ್’ ಇದೆಯೋ ‘ಕೇಮ್’ ಇದೆಯೋ ಎಂದು ಮೊದಲು ನೋಡಿಕೊಂಡವರಿಗೆ ಖಾಲಿ ಜಾಗ ತಾನಾಗಿಯೇ ತುಂಬುತ್ತದೆ.

ಇನ್ನು ಕಂಟಿನ್ಯುಯಸ್. “ಟೀಚರ್ ಈ ಕಾಲೇಜಿಗೆ ಬಂದು ಜೂನ್‌ಗೆ ಹತ್ತು ವರ್ಷ ಆಗುತ್ತದೆ” ಎಂದು ನಾವು ಹೇಳುತ್ತೇವೆ. ಗಮನಿಸಿ, ಇಲ್ಲಿ ‘ಆಗುವುದು’ ಹತ್ತು ವರ್ಷ. ವರ್ಷಗಳೇ ಕರ್ತೃ, ಟೀಚರ್ ‘ಬಂದು’ ಎಂಬ ಕೃದಂತದ ಜತೆ ಒಂದು ಬದಿಗೆ ಸರಿದಿದ್ದಾರೆ. ಇಂಗ್ಲಿಷ್ ಟೀಚರನ್ನೇ ನಡುವಿಗೆ ತಂದು, ವರ್ಷಗಳನ್ನು ‘ಫಾರ್’ ಹಚ್ಚಿ ಕೊನೆಗೆ ಕಳಿಸುತ್ತದೆ: “ಬೈ ಜೂನ್, ಶಿ ವಿಲ್ ಹ್ಯಾವ್ ಬೀನ್ ಟೀಚಿಂಗ್ ಹಿಯರ್ ಫಾರ್ ಟೆನ್ ಇಯರ್ಸ್.” ನಮ್ಮ ಜಾಡಿನಲ್ಲಿಯೇ “ಇನ್ ಜೂನ್, ಇಟ್ ವಿಲ್ ಬಿ ಟೆನ್ ಇಯರ್ಸ್ ಸಿನ್ಸ್ ಶಿ ಜಾಯ್ನ್ಡ್” ಎಂದೂ ಹೇಳಬಹುದು, ಅದು ಶುದ್ಧ ಇಂಗ್ಲಿಷೇ. ಆದರೆ ವರ್ಕ್‌ಶೀಟು ಕರ್ತೃವನ್ನು ಮೊದಲೇ ಅಚ್ಚು ಮಾಡಿ ಕೊಟ್ಟಿರುವುದರಿಂದ ಆ ದಾರಿ ಮುಚ್ಚಿರುತ್ತದೆ. ಆಗ “ಶಿ ವಿಲ್ ಬಿ ಟೀಚಿಂಗ್ ಫಾರ್ ಟೆನ್ ಇಯರ್ಸ್” ಎಂಬ ಉತ್ತರ ಹುಟ್ಟುತ್ತದೆ. ಅದರ ಅರ್ಥವೇ ಬೇರೆ: ಮುಂದಿನ ಹತ್ತು ವರ್ಷ ಪಾಠ ಮಾಡುತ್ತಾರೆ ಎಂದು. ‘ಹ್ಯಾವ್ ಬೀನ್’ ಬಿಟ್ಟುಹೋದದ್ದರಿಂದ ಕಳೆದ ಹತ್ತು ವರ್ಷ ಬರಲಿರುವ ಹತ್ತು ವರ್ಷವಾಯಿತು. ಆದ್ದರಿಂದ ಈ ರೂಪವನ್ನು ಕನ್ನಡ ವಾಕ್ಯದಿಂದ ಪದಪದವಾಗಿ ಕಟ್ಟಲು ಹೋಗಬಾರದು. ಒಂದು ಗೆರೆ ಎಳೆದು, ಜೂನ್ ಇರುವಲ್ಲಿ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಹತ್ತು ವರ್ಷದ ಅಲೆಗೆರೆ ಬರೆದುಕೊಂಡರೆ ‘ವಿಲ್ ಹ್ಯಾವ್ ಬೀನ್’ ಎಲ್ಲಿಂದ ಬಂತು ಎಂಬುದು ಕಾಣುತ್ತದೆ.

ಇದೇ ವಾಕ್ಯದಲ್ಲಿ ವರ್ಕ್‌ಶೀಟು ಬರೆಯುವವರ ತಪ್ಪೂ ಅಡಗಿರುತ್ತದೆ. ಟೀಚ್, ವರ್ಕ್, ಲಿವ್‌ನಂತಹ ಕ್ರಿಯಾಪದಗಳಿಗೆ “ವಿಲ್ ಹ್ಯಾವ್ ಟಾಟ್ ಹಿಯರ್ ಫಾರ್ ಟೆನ್ ಇಯರ್ಸ್” ಎಂಬುದೂ ಸರಿ. ಉತ್ತರಸೂಚಿಯಲ್ಲಿ ಕಂಟಿನ್ಯುಯಸ್ ಒಂದನ್ನೇ ಕೊಟ್ಟು ಇನ್ನೊಂದಕ್ಕೆ ಸೊನ್ನೆ ಹಾಕಿದರೆ ವಿದ್ಯಾರ್ಥಿಗೆ ಅನ್ಯಾಯವಾಗುತ್ತದೆ. ಅದೇ ರೀತಿ ನೋ, ಓನ್, ಬಿಯಂತಹ ಸ್ಥಿತಿ ಸೂಚಿಸುವ ಕ್ರಿಯಾಪದಗಳಿಗೆ ಅವಧಿ ಇದ್ದರೂ ಕಂಟಿನ್ಯುಯಸ್ ಒಗ್ಗುವುದಿಲ್ಲ: “ಬೈ ಜೂನ್, ದೇ ವಿಲ್ ಹ್ಯಾವ್ ನೋನ್ ಈಚ್ ಅದರ್ ಫಾರ್ ಟೆನ್ ಇಯರ್ಸ್.” ‘ಫಾರ್’ ಕಂಡರೆ ಕಂಟಿನ್ಯುಯಸ್ ಎಂಬ ಸುಲಭ ಸೂತ್ರ ಈ ವಾಕ್ಯದಲ್ಲಿ ಸೋಲುತ್ತದೆ. ಪ್ರಶ್ನೆ ಬರೆಯುವವರು ತಮ್ಮ ವಾಕ್ಯಕ್ಕೆ ಎರಡೂ ರೂಪ ಹಾಕಿ ಓದಿ ನೋಡಬೇಕು. ಎರಡೂ ಕೂತರೆ ಎರಡಕ್ಕೂ ಅಂಕ ಕೊಡಬೇಕು, ಇಲ್ಲವೇ ವಾಕ್ಯ ಬದಲಿಸಬೇಕು.

‘ಬೀನ್’ ಕಂಡ ಕೂಡಲೇ ಕಂಟಿನ್ಯುಯಸ್ ಎಂದುಕೊಳ್ಳುವವರೂ ಇದ್ದಾರೆ. “ಬೈ ಫೈವ್ ಥರ್ಟಿ, ದಿ ಪೇಪರ್ಸ್ ವಿಲ್ ಹ್ಯಾವ್ ಬೀನ್ ಕರೆಕ್ಟೆಡ್” ಎಂಬುದು ಕರ್ಮಣಿ, ಪತ್ರಿಕೆಗಳು ತಿದ್ದಲ್ಪಟ್ಟಿರುತ್ತವೆ ಎಂದರ್ಥ. ಇದೇ ವಾಕ್ಯದಲ್ಲಿ ‘ಕರೆಕ್ಟಿಂಗ್’ ಹಾಕಿದರೆ ಪತ್ರಿಕೆಗಳೇ ಪೆನ್ನು ಹಿಡಿದು ಕೂತಂತೆ. ಖಾಲಿ ಜಾಗದ ಎಡಕ್ಕಿರುವ ಕರ್ತೃ ಕೆಲಸ ಮಾಡುವುದೋ ಮಾಡಿಸಿಕೊಳ್ಳುವುದೋ ಎಂಬುದನ್ನು ನೋಡಿದರೆ ಸಾಕು.

ಕೊನೆಗೆ ‘ಬೈ ನೌ’. “ಶಿ ವಿಲ್ ಹ್ಯಾವ್ ರೀಚ್ಡ್ ಹೋಮ್ ಬೈ ನೌ” ಎಂಬ ವಾಕ್ಯದಲ್ಲಿ ರೂಪ ಭವಿಷ್ಯದ್ದು, ವಿಷಯ ಭವಿಷ್ಯದ್ದಲ್ಲ. ಅದು ಊಹೆ. ಇಲ್ಲಿ ಕನ್ನಡ ಮತ್ತೆ ಇಂಗ್ಲಿಷಿನ ಹೆಜ್ಜೆಗೇ ಹೆಜ್ಜೆ ಹಾಕುತ್ತದೆ. “ಇಷ್ಟು ಹೊತ್ತಿಗೆ ಅವರು ಮನೆ ಸೇರಿರುತ್ತಾರೆ” ಎಂದು ಹೇಳುವಾಗ ನಾವು ನಾಳೆಯ ಮಾತಾಡುತ್ತಿಲ್ಲ. ಕಣ್ಣಾರೆ ನೋಡಿಲ್ಲ, ಆದರೆ ಹೊತ್ತಿನ ಲೆಕ್ಕದಿಂದ ಹಾಗಾಗಿರಬೇಕು ಎನ್ನುತ್ತಿದ್ದೇವೆ. ಹಾಳೆಯಲ್ಲಿ ‘ಬೈ ನೌ’ ಜತೆ ‘ವಿಲ್ ಹ್ಯಾವ್’ ಕಂಡರೆ ಅದನ್ನು ಅಚ್ಚಿನ ತಪ್ಪೆಂದು ಹೊಡೆದುಹಾಕಬೇಕಾಗಿಲ್ಲ.